ದರಪಟ್ಟಿಯ ಪಕ್ಕದ ಪುಟ್ಟ ಗೆರೆ: ಮೂರು ಬಗೆಯ ಸ್ಪಾರ್ಕ್‌ಲೈನ್‌ಗಳ ಹೋಲಿಕೆ

ಮುಂಬಯಿಯ ಮಾಟುಂಗಾದಲ್ಲಿ ಉಡುಪಿ ಕಡೆಯವರು ನಡೆಸುವ ಒಂದು ಸಸ್ಯಾಹಾರಿ ಹೋಟೆಲಿನ ಖರೀದಿ ಲೆಕ್ಕವನ್ನು ನಾನು ನೋಡಿಕೊಳ್ಳುತ್ತೇನೆ. ವಾಶಿಯ ಎಪಿಎಂಸಿ ಮಾರುಕಟ್ಟೆಯಿಂದ ಬರುವ ಈರುಳ್ಳಿ, ಬಟಾಟೆ, ಉದ್ದಿನಬೇಳೆ, ತೆಂಗಿನಕಾಯಿ ಮುಂತಾದ ಸಾಮಾನುಗಳಿಗೆ ಒಂದೊಂದು ಸಾಲು, ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಕಾಲಂ, ಪ್ರತಿ ಸೆಲ್ಲಿನಲ್ಲಿ ಆ ತಿಂಗಳ ಸರಾಸರಿ ದರ. ಹೀಗೆ ಸಾಲುಗಟ್ಟಿ ನಿಂತ ಅಂಕಿಗಳಲ್ಲಿ ಯಾವುದು ಏರುತ್ತಿದೆ, ಯಾವುದು ಏರಿ ಇಳಿದಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪ್ರತಿ ಸಾಲಿನ ಕೊನೆಯ ಸೆಲ್ಲಿನಲ್ಲಿ ಆ ಸಾಲಿನದೇ ಒಂದು ಪುಟ್ಟ ಗೆರೆ ಇರಲಿ ಎಂದು ಮೂರು ದಾರಿಗಳನ್ನು ಅದೇ ಪಟ್ಟಿಯ ಮೇಲೆ ಬಳಸಿ ನೋಡಿದೆ: ಎಕ್ಸೆಲ್‌ನಲ್ಲೇ ಇರುವ ಸ್ಪಾರ್ಕ್‌ಲೈನ್, ಗೂಗಲ್ ಶೀಟ್ಸ್‌ನ SPARKLINE ಫಾರ್ಮುಲಾ, ಮತ್ತು ಎತ್ತರ ಬೇರೆಬೇರೆಯಾಗಿರುವ ಕಂಬದಾಕಾರದ ಯುನಿಕೋಡ್ ಅಕ್ಷರಗಳು.

ಹೋಲಿಕೆಗೆ ಎರಡೇ ಸಾಲುಗಳು ಸಾಕು. ಈರುಳ್ಳಿಯ ದರ ಕಿಲೋಗೆ ಏಪ್ರಿಲ್‌ನಲ್ಲಿ 18 ರೂಪಾಯಿ. ಆಮೇಲೆ ಕ್ರಮವಾಗಿ 17, 20, 26, 32, 38, 45, 48, 40, 30, 24, 19. ಉದ್ದಿನಬೇಳೆಯದು 118, 118, 119, 120, 121, 122, 122, 123, 123, 124, 124, 124. ಈರುಳ್ಳಿ ಸುಮಾರು ಮೂರು ಪಟ್ಟು ಏರಿ ಮತ್ತೆ ಕೆಳಗಿಳಿದಿದೆ. ಉದ್ದು ಇಡೀ ವರ್ಷದಲ್ಲಿ ಆರು ರೂಪಾಯಿ, ಅಂದರೆ ಶೇಕಡಾ ಐದರಷ್ಟು ಏರಿದೆ. ಪಟ್ಟಿಯ ಮೇಲೆ ಕಣ್ಣಾಡಿಸಿದವರಿಗೆ ಈ ವ್ಯತ್ಯಾಸ ತಾನಾಗಿ ಕಾಣಬೇಕು.

ಎಕ್ಸೆಲ್‌ನಲ್ಲಿ ಈ ಸೌಲಭ್ಯ 2010ರ ಆವೃತ್ತಿಯಿಂದ ಇದೆ. Insert ಪಟ್ಟಿಯ Sparklines ಗುಂಪಿನಲ್ಲಿ Line ಒತ್ತಿ, Data Range ಎಂಬಲ್ಲಿ B2:M15 ಎಂದೂ Location Range ಎಂಬಲ್ಲಿ N2:N15 ಎಂದೂ ಕೊಟ್ಟರೆ ಎಲ್ಲ ಸಾಲುಗಳ ಗೆರೆಗಳೂ ಒಂದೇ ಬಾರಿಗೆ ಮೂಡುತ್ತವೆ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ದರದ ತಿಂಗಳುಗಳಿಗೆ High Point, Low Point ಗುರುತು ಹಾಕಿದರೆ ಬಣ್ಣದ ಚುಕ್ಕೆ ಬರುತ್ತದೆ. ಮುದ್ರಿಸಿದಾಗಲೂ ಗೆರೆ ನಯವಾಗಿ, ಸ್ಪಷ್ಟವಾಗಿ ಬರುವುದರಿಂದ ಕಾಗದದ ಮೇಲೆ ಓದುವವರಿಗೆ ಇದಕ್ಕಿಂತ ಅಚ್ಚುಕಟ್ಟಾದುದು ಈ ಮೂರರಲ್ಲಿ ಇಲ್ಲ.

ಆದರೆ ಹಾಗೆ ಮುದ್ರಿಸಿದ ಹಾಳೆಯನ್ನು ನೋಡಿದ ಹೋಟೆಲಿನ ಯಜಮಾನರು ಮೊದಲು ಬೆರಳಿಟ್ಟದ್ದು ಉದ್ದಿನಬೇಳೆಯ ಸಾಲಿನ ಮೇಲೆ. “ಇದೆಂಥದು ಮಾರಾಯ್ರೆ, ಉದ್ದು ಇಷ್ಟು ಏರಿದ್ದು ಯಾವಾಗ?” ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ, ಏಕೆಂದರೆ ಆ ಗೆರೆ ಸೆಲ್ಲಿನ ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಗೆ ಏರಿ ನಿಂತಿತ್ತು. ಎಕ್ಸೆಲ್ ತಾನಾಗಿ ಆರಿಸಿಕೊಳ್ಳುವ ಕ್ರಮ Automatic for Each Sparkline; ಅದರಲ್ಲಿ ಪ್ರತಿ ಸಾಲಿನ ಅತಿ ಕಡಿಮೆ ದರ ಸೆಲ್ಲಿನ ತಳಕ್ಕೂ ಅತಿ ಹೆಚ್ಚಿನ ದರ ನೆತ್ತಿಗೂ ಹೋಗಿ ಕೂರುತ್ತದೆ. ಆರು ರೂಪಾಯಿಯ ಏರಿಕೆಯೂ ಮೂವತ್ತೊಂದು ರೂಪಾಯಿಯ ಏರಿಕೆಯೂ ಸೆಲ್ಲಿನ ಪೂರ್ತಿ ಎತ್ತರವನ್ನೇ ತೆಗೆದುಕೊಳ್ಳುತ್ತವೆ. ಗೆರೆಯ ಆಕಾರ ಸರಿ, ಪ್ರಮಾಣ ತಪ್ಪು.

ಇದಕ್ಕೆ ಎಕ್ಸೆಲ್ ಕೊಡುವ ಪರ್ಯಾಯ, Axis ಗುಂಡಿಯಡಿ ಕನಿಷ್ಠ ಮತ್ತು ಗರಿಷ್ಠ ಎರಡಕ್ಕೂ Same for All Sparklines ಎಂದು ಆರಿಸುವುದು. ಆಗ ಎಲ್ಲ ಸಾಲುಗಳೂ 17ರಿಂದ 124ರವರೆಗಿನ ಒಂದೇ ಅಳತೆಗೋಲಿಗೆ ಒಳಗಾಗುತ್ತವೆ. ಉದ್ದು ನೆತ್ತಿಯ ಹತ್ತಿರ ಬಹುತೇಕ ಸಮತಟ್ಟಾದ ಗೆರೆಯಾಗುತ್ತದೆ, ಅದು ಸರಿ. ಆದರೆ ಈರುಳ್ಳಿ ಸೆಲ್ಲಿನ ಕೆಳಗಿನ ಮೂರನೇ ಒಂದು ಭಾಗದೊಳಗೇ ಅಮುಕಿಹೋಗುತ್ತದೆ. ಅದೇ ಪಟ್ಟಿಯಲ್ಲಿ ಡಬ್ಬಕ್ಕೆ ಸಾವಿರಗಟ್ಟಲೆ ಬೆಲೆಯ ಎಣ್ಣೆಯ ಸಾಲೊಂದಿದ್ದರೆ ಮಿಕ್ಕ ಎಲ್ಲವೂ ತಳಕ್ಕೆ ಅಂಟಿಕೊಳ್ಳುತ್ತವೆ. ಕಿಲೋ, ಲೀಟರು, ಡಬ್ಬ, ಕಾಯಿ ಎಂದು ಅಳತೆಯೇ ಬೇರೆಬೇರೆಯಾಗಿರುವ ದರಪಟ್ಟಿಗೆ ಸಾಮಾನ್ಯ ಅಕ್ಷ ಹೊಂದುವುದಿಲ್ಲ.

ನನಗೆ ಬೇಕಾಗಿದ್ದದ್ದು ಪ್ರತಿ ಸಾಲನ್ನೂ ಅದರದೇ ಸರಾಸರಿಗೆ ಹೋಲಿಸುವ ಅಕ್ಷ: ತಳದಲ್ಲಿ ಸೊನ್ನೆ, ನಡುವಿನಲ್ಲಿ ಆ ಸಾಲಿನ ವರ್ಷದ ಸರಾಸರಿ, ನೆತ್ತಿಯಲ್ಲಿ ಸರಾಸರಿಯ ಎರಡರಷ್ಟು. ಗೂಗಲ್ ಶೀಟ್ಸ್ ಈ ವಿಷಯದಲ್ಲಿ ಎಕ್ಸೆಲ್‌ಗಿಂತ ಬಹಳ ಮುಂದಿದೆ. ಅಲ್ಲಿ ಸ್ಪಾರ್ಕ್‌ಲೈನ್ ಒಂದು ಫಾರ್ಮುಲಾ ಆಗಿರುವುದರಿಂದ ಅಕ್ಷದ ಮಿತಿಯನ್ನೂ ಲೆಕ್ಕಹಾಕಿ ಕೊಡಬಹುದು.

```
=SPARKLINE(B2:M2, {"ymin",0; "ymax",2*AVERAGE(B2:M2); "empty","ignore"})
```

ಈರುಳ್ಳಿಯ ಸರಾಸರಿ 29.75 ಆದ್ದರಿಂದ ಅದರ ನೆತ್ತಿ 59.5, 17ರಿಂದ 48ರವರೆಗಿನ ಏರಿಳಿತ ಸೆಲ್ಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎತ್ತರವನ್ನು ಆಕ್ರಮಿಸುತ್ತದೆ. ಉದ್ದಿನ ಸರಾಸರಿ 121.5, ನೆತ್ತಿ 243. ಆರು ರೂಪಾಯಿ ಎಂಬುದು ಎತ್ತರದಲ್ಲಿ ಶೇಕಡಾ ಎರಡೂವರೆಯಷ್ಟಾಗಿ ನಡುಮಧ್ಯದಲ್ಲಿ ನೇರ ಗೆರೆಯಾಗುತ್ತದೆ. ಎರಡೂ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ ಗೆರೆಯ ಎತ್ತರದ ಬದಲಾವಣೆ ಈಗ ಸರಾಸರಿಗೆ ಹೋಲಿಸಿದ ಶೇಕಡಾವಾರು ಬದಲಾವಣೆಗೆ ತಕ್ಕಂತೆಯೇ ಇರುತ್ತದೆ, ಅಳತೆ ಕಿಲೋ ಆಗಿರಲಿ ಡಬ್ಬ ಆಗಿರಲಿ. ಫಾರ್ಮುಲಾವನ್ನು ಕೆಳಗೆ ಎಳೆದರೆ ಸಾಕು, ಹೊಸ ಸಾಮಾನಿನ ಸಾಲು ಸೇರಿದಾಗ ಬೇರೇನೂ ಮಾಡಬೇಕಾಗಿಲ್ಲ. ಟೊಮೆಟೊದಂಥ ಸಾಮಾನಿನಲ್ಲಿ ಒಂದು ತಿಂಗಳ ದರ ವರ್ಷದ ಸರಾಸರಿಯ ಎರಡರಷ್ಟನ್ನು ದಾಟಿದರೆ ಗೆರೆಯ ಶಿಖರ ಸೆಲ್ಲಿನ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ಚೂಪಾಗಿರಬೇಕಾದ ತುದಿ ಕಾಣೆಯಾದರೆ ಹಾಗಾಗಿದೆ ಎಂದು ತಿಳಿಯಬೇಕು. ಆಗ ಆ ಸಾಲಿನದನ್ನು ಮಾತ್ರವಲ್ಲ, ಇಡೀ ಪಟ್ಟಿಯ 2ನ್ನು 3 ಮಾಡಬೇಕು, ಇಲ್ಲವಾದರೆ ಸಾಲುಗಳ ನಡುವಿನ ಹೋಲಿಕೆಯೇ ಕೆಡುತ್ತದೆ.

ಶೀಟ್ಸ್‌ನ ಕೊರತೆ ಬೇರೆ ಕಡೆ ಇದೆ. ಅದರ ಗೆರೆಯ ಮೇಲೆ ಶಿಖರದ ಚುಕ್ಕೆಯನ್ನು ಹಾಕಲಾಗದು. Highcolor, lowcolor ಎಂಬ ಆಯ್ಕೆಗಳು column, winloss ಎಂಬ ಕಂಬದ ಮಾದರಿಗಳಿಗೆ ಮಾತ್ರ ಸಲ್ಲುತ್ತವೆ. ಅದಕ್ಕಿಂತ ದೊಡ್ಡದು, SPARKLINE ಎಂಬ ಫಾರ್ಮುಲಾ ಎಕ್ಸೆಲ್‌ನಲ್ಲಿ ಇಲ್ಲ. ಲೆಕ್ಕಪರಿಶೋಧಕರಿಗೆ xlsx ಕಡತವಾಗಿ ಇಳಿಸಿಕೊಟ್ಟರೆ ಅವರ ಕಡೆ ಗೆರೆಗಳಿರುವುದಿಲ್ಲ. ಅವರಿಗೆ ಪಿಡಿಎಫ್ ಕೊಡುವುದೇ ಲೇಸು.

ಎಕ್ಸೆಲ್‌ನಲ್ಲೂ ಸರಾಸರಿಯ ಅಕ್ಷ ಸಾಧ್ಯ, ಆದರೆ ಸುತ್ತುದಾರಿಯಲ್ಲಿ. ಅಲ್ಲಿನ Custom Value ಎಂಬಲ್ಲಿ ಫಾರ್ಮುಲಾ ಬರೆಯಲಾಗದು, ಒಂದು ಸ್ಥಿರವಾದ ಅಂಕಿಯನ್ನಷ್ಟೇ ಕೊಡಬಹುದು, ಅದೂ ಇಡೀ ಗುಂಪಿಗೆ ಒಂದೇ. ಹಾಗಾಗಿ ಬಲಗಡೆ ಇನ್ನೂ ಹನ್ನೆರಡು ಕಾಲಂಗಳಲ್ಲಿ ಪ್ರತಿ ದರವನ್ನು ಸಾಲಿನ ಸರಾಸರಿಯಿಂದ ಭಾಗಿಸಿಟ್ಟು, ಸ್ಪಾರ್ಕ್‌ಲೈನ್‌ಗೆ ಆ ಕಾಲಂಗಳನ್ನು ತೋರಿಸಿ, ಕನಿಷ್ಠ 0, ಗರಿಷ್ಠ 2 ಎಂದು ನಿಗದಿಪಡಿಸಬೇಕು.

```
=IF(B2="",NA(),B2/AVERAGE($B2:$M2))
```

ಇಲ್ಲಿ IF ಭಾಗ ಅನಾವಶ್ಯಕವೆಂದು ಕಾಣಬಹುದು, ಆದರೆ ಬಿಡುವಂತಿಲ್ಲ. ಯಾವುದೋ ತಿಂಗಳು ಹಸಿ ಬಟಾಣಿ ಕೊಳ್ಳದೆ ಸೆಲ್ ಖಾಲಿ ಬಿಟ್ಟಿದ್ದರೆ ಭಾಗಾಕಾರ ಅದನ್ನು ಸೊನ್ನೆ ಎಂದು ಓದುತ್ತದೆ, ಗೆರೆ ಒಮ್ಮೆಲೇ ತಳಕ್ಕೆ ಬಿದ್ದು ಎದ್ದಂತೆ ತೋರುತ್ತದೆ. ಕೊಳ್ಳದ ತಿಂಗಳು ಬಿಟ್ಟಿ ಸಿಕ್ಕ ತಿಂಗಳಲ್ಲ. ಇನ್ನೊಂದು ತೊಡಕು, ಈ ಸಹಾಯಕ ಕಾಲಂಗಳು ಕಣ್ಣಿಗೆ ಅಡ್ಡವೆಂದು ಮುಚ್ಚಿಟ್ಟ ಕೂಡಲೇ ಸ್ಪಾರ್ಕ್‌ಲೈನ್‌ಗಳೂ ಮಾಯವಾಗುತ್ತವೆ. Edit Data ಅಡಿಯ Hidden & Empty Cells ಒಳಗೆ Show data in hidden rows and columns ಎಂಬುದಕ್ಕೆ ಗುರುತು ಹಾಕಿದರೆ ಮರಳಿ ಬರುತ್ತವೆ. ಎಕ್ಸೆಲ್‌ನ ಸ್ಪಾರ್ಕ್‌ಲೈನ್ ಅನ್ನು Delete ಕೀಲಿ ಅಳಿಸುವುದಿಲ್ಲ, Clear ಆಯ್ಕೆಯಿಂದಲೇ ತೆಗೆಯಬೇಕು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ 7.4ನೆಯ ಆವೃತ್ತಿಯಿಂದ ಸ್ಪಾರ್ಕ್‌ಲೈನ್ ಇದೆ. ಬಳಸುವ ರೀತಿ ಎಕ್ಸೆಲ್‌ನದಕ್ಕೆ ತುಂಬ ಹತ್ತಿರ. ಅದನ್ನು ಬೇರೆಯಾಗಿ ವಿವರಿಸುವುದಿಲ್ಲ.

ಮೂರನೆಯ ದಾರಿ ಚಿತ್ರವೇ ಅಲ್ಲ, ಬರಹ. ಯುನಿಕೋಡ್‌ನಲ್ಲಿ 9601ರಿಂದ 9608ರವರೆಗಿನ ಸಂಕೇತಗಳು ಎಂಟು ಎತ್ತರದ ಕಂಬಗಳು. ಪ್ರತಿ ದರಕ್ಕೂ ತಕ್ಕ ಕಂಬವನ್ನು ಆರಿಸಿ ಜೋಡಿಸಿದರೆ ಒಂದು ಸೆಲ್ಲಿನ ಪಠ್ಯವೇ ನಕ್ಷೆಯಾಗುತ್ತದೆ. ಇದರ ಏಕೈಕ, ಆದರೆ ದೊಡ್ಡ ಲಾಭವೆಂದರೆ ನಕಲು ಮಾಡಿ ವಾಟ್ಸಾಪ್ ಸಂದೇಶದಲ್ಲಿ ಅಂಟಿಸಬಹುದು; ಬೆಳಗಿನ ಜಾವ ವಾಶಿಗೆ ಹೋಗುವ ಖರೀದಿಯ ಹುಡುಗನಿಗೆ ಶೀಟ್ ತೆರೆಯುವ ಪುರುಸೊತ್ತು ಇರುವುದಿಲ್ಲ. ಹೊಸ ಎಕ್ಸೆಲ್ ಆವೃತ್ತಿಗಳಲ್ಲಿ ಮೊದಲು ಹೀಗೆ ಬರೆದೆ:

```
=CONCAT(UNICHAR(9601+ROUND(7*B2:M2/(2*AVERAGE(B2:M2)),0)))
```

ಈರುಳ್ಳಿ ▃▃▃▄▅▅▆▇▆▅▄▃ ಎಂದು ಚೆನ್ನಾಗಿಯೇ ಬಂತು. ಉದ್ದು ಮಾತ್ರ ▄▄▄▄▄▅▅▅▅▅▅▅ ಎಂದು ಸೆಪ್ಟೆಂಬರ್‌ನಲ್ಲಿ ಒಂದು ಮೆಟ್ಟಿಲು ಹತ್ತಿದಂತೆ ಕಂಡಿತು. ಆ ತಿಂಗಳು ಏರಿದ್ದು ಒಂದೇ ರೂಪಾಯಿ. ಕಾರಣ ಲೆಕ್ಕದಲ್ಲಿದೆ: 7ರ ಅಳತೆಯಲ್ಲಿ ಸರಾಸರಿ ಬೀಳುವುದು ಸರಿಯಾಗಿ 3.5ರ ಮೇಲೆ, ಅಂದರೆ ಪೂರ್ಣಾಂಕಕ್ಕೆ ತಿರುಗಿಸುವಾಗ ಕೆಳಗೋ ಮೇಲೋ ಎಂಬ ಗಡಿಯ ಮೇಲೆ. ಸರಾಸರಿಯ ಅಕ್ಕಪಕ್ಕದಲ್ಲೇ ಸುಳಿಯುವ ಸ್ಥಿರವಾದ ಸಾಮಾನುಗಳೆಲ್ಲ ಈ ಗಡಿಯನ್ನು ದಾಟಿ ಸುಳ್ಳು ಮೆಟ್ಟಿಲು ತೋರಿಸುತ್ತವೆ. ಫಾರ್ಮುಲಾದ 7ನ್ನು 6 ಮಾಡಿದರೆ ಸರಾಸರಿ 3ರ ಮೇಲೆ ಕೂರುತ್ತದೆ; ಉದ್ದು ಹನ್ನೆರಡು ತಿಂಗಳೂ ▄ ಆಗಿ ಸಮತಟ್ಟಾಗುತ್ತದೆ, ಈರುಳ್ಳಿ ▃▃▃▄▄▅▆▆▅▄▃▃ ಆಗಿ ತನ್ನ ಗುಡ್ಡದ ಆಕಾರವನ್ನು ಉಳಿಸಿಕೊಳ್ಳುತ್ತದೆ. ಶಿಖರದ ಎರಡು ತಿಂಗಳುಗಳಲ್ಲಿ ಯಾವುದು ಹೆಚ್ಚು ಎಂಬ ಸೂಕ್ಷ್ಮ ಹೋಗುತ್ತದೆ, ಆದರೆ ಇಲ್ಲದ ಏರಿಕೆಯನ್ನು ತೋರಿಸುವುದಕ್ಕಿಂತ ಅದು ಮೇಲು. ದರ ಸರಾಸರಿಯ ಎರಡೂವರೆ ಪಟ್ಟನ್ನು ಮುಟ್ಟಿದರೆ ಸಂಕೇತ 9608ನ್ನು ದಾಟಿ, ಬಲಬದಿ ಸವೆದಂತಿರುವ ಬೇರೆಯೇ ಕಂಬ ಬರುತ್ತದೆ. ಅದು ಕಂಡರೆ ಆ ಸಾಲನ್ನು ನಂಬಬಾರದು. ಕೆಲವು ಫಾಂಟ್‌ಗಳಲ್ಲಿ ಕಂಬಗಳ ತಳ ಒಂದೇ ನೇರಕ್ಕೆ ನಿಲ್ಲುವುದಿಲ್ಲ, ಕಳುಹಿಸುವ ಮೊದಲು ಒಮ್ಮೆ ಫೋನಿನಲ್ಲಿ ನೋಡಿಕೊಳ್ಳಬೇಕು.

ಒಂದನ್ನೇ ಆರಿಸೆಂದರೆ ನಾನು ಗೂಗಲ್ ಶೀಟ್ಸ್ ಆರಿಸುತ್ತೇನೆ, ಅದು ಅಕ್ಷವನ್ನು ಸಾಲಿನ ಒಳಗೇ ಲೆಕ್ಕಹಾಕಲು ಬಿಡುತ್ತದೆ ಎಂಬ ಒಂದೇ ಕಾರಣಕ್ಕೆ. ಮುದ್ರಿತ ಹಾಳೆಯೇ ಮುಖ್ಯವಾಗಿ, ಸಾಮಾನುಗಳ ಪಟ್ಟಿ ಬದಲಾಗದಿದ್ದರೆ ಎಕ್ಸೆಲ್‌ನ ಸಹಾಯಕ ಕಾಲಂಗಳ ಶ್ರಮ ಸಾರ್ಥಕ. ಎರಡರಲ್ಲಿಯೂ ಗೆರೆಯ ಪಕ್ಕದಲ್ಲಿ ಕೊನೆಯ ತಿಂಗಳ ದರವನ್ನು ಅಂಕಿಯಲ್ಲೇ ಬರೆದಿಡುತ್ತೇನೆ, ಏಕೆಂದರೆ ಗೆರೆಯಲ್ಲಿ ರೂಪಾಯಿ ಇರುವುದಿಲ್ಲ. ತಿಂಗಳ ಒಟ್ಟು ಖರ್ಚಿಗೂ ಹೀಗೆಯೇ ಇನ್ನೊಂದು ಕಾಲಂ ಬೇಕಾಗುತ್ತದೆ: ಈರುಳ್ಳಿಯ ಗೆರೆ ಎಷ್ಟೇ ಕುಣಿಯಲಿ, ಸಮತಟ್ಟಾಗಿರುವ ಹಾಲಿನ ಸಾಲೇ ತಿಂಗಳ ಬಿಲ್ಲಿನಲ್ಲಿ ಅದಕ್ಕಿಂತ ಭಾರವಾಗಿರಬಹುದು, ಮತ್ತು ಸರಾಸರಿಯ ಅಕ್ಷದ ಸ್ಪಾರ್ಕ್‌ಲೈನ್ ಅದನ್ನು ತೋರಿಸುವುದಿಲ್ಲ.