ಪೂರ್ತಿ ಉತ್ತರವೋ, ಒಂದೊಂದೇ ಸುಳಿವೋ? ನನ್ನ ಓಟು ಸುಳಿವಿಗೆ

ಹತ್ತನೇ ಕ್ಲಾಸಿನ ಮಗಳಿಗಾಗಿ ಎರಡೂ ಬಗೆಯ ಆ್ಯಪ್ ಬಳಸಿ ನೋಡಿದ್ದೇನೆ. ಲೆಕ್ಕದ ಫೋಟೋ ತೆಗೆದರೆ ಒಂದು ಪೂರ್ತಿ ಬಿಡಿಸಿ ಕೊಡುತ್ತದೆ, ಇನ್ನೊಂದು ಒಂದೊಂದೇ ಸುಳಿವು ಕೊಡುತ್ತದೆ. ವಿರಾಜಪೇಟೆಯ ನಮ್ಮ ಮನೆಯಲ್ಲಿ ಉಳಿದುಕೊಂಡಿರುವುದು ಸುಳಿವಿನದು.

ಒಂದು ಲೆಕ್ಕ ನೋಡಿ. ಕಾಫಿ ಒಣಗಿಸುವ ಕಣದ ಉದ್ದ ಅಗಲಕ್ಕಿಂತ 4 ಮೀಟರ್ ಜಾಸ್ತಿ, ವಿಸ್ತೀರ್ಣ 96 ಚದರ ಮೀಟರ್. ಉದ್ದ, ಅಗಲ ಎಷ್ಟು? ಮೊದಲ ಆ್ಯಪ್ ಕೊನೆಯ ಸಾಲಿನವರೆಗೂ ಬಿಡಿಸಿತು, ಮಗಳು ನೀಟಾಗಿ ಇಳಿಸಿಕೊಂಡಳು. "x = −12 ಯಾಕೆ ಬಿಟ್ಟೆ?" ಅಂತ ಕೇಳಿದೆ. "ಅದ್ರಲ್ಲಿ ಹಾಗೇ ಇತ್ತಮ್ಮ" ಅಂದಳು.

ಸುಳಿವಿನ ಆ್ಯಪ್ ಕೇಳಿದ್ದು ಇಷ್ಟೇ: ಅಗಲ x ಆದರೆ ಉದ್ದ ಎಷ್ಟು? ಅವಳು x + 4 ಅಂತ ಬರೆಯುವವರೆಗೆ ಮುಂದಿನ ಸುಳಿವು ತೆರೆಯಲಿಲ್ಲ. ನನಗೆ ಹಿಡಿಸಿದ್ದು ಇದೇ. ಬರೀ ಒತ್ತಿದರೆ ಸುಳಿವು ಬರುವಂತಿದ್ದರೆ ಮಕ್ಕಳು ಟಕಟಕ ಒತ್ತಿ ಕೊನೆಯದಕ್ಕೆ ಹೋಗಿಬಿಡುತ್ತಾರೆ. ಆಗ ಅದೂ ಪೂರ್ತಿ ಉತ್ತರವೇ ಆಯಿತು, ಅಲ್ವಾ?

ಎರಡನೇ ಸುಳಿವು ವಿಸ್ತೀರ್ಣದ ಬಗ್ಗೆ. ಅವಳು x² + 4x − 96 = 0 ಅಂತ ಸರಿಯಾಗಿಯೇ ಬರೆದು, ಆ ಸಾಲಿನ ಫೋಟೋ ತೆಗೆದಳು. ತೊಂದರೆ ಶುರುವಾಗಿದ್ದು ಅಲ್ಲಿ. ಮಳೆಗಾಲದ ತೇವಕ್ಕೆ ಹಾಳೆಯ ಹಿಂಬದಿಯ ಶಾಯಿ ಈಚೆ ಮೂಡಿತ್ತು. ಅದರ ಒಂದು ಗೆರೆ ಮೈನಸ್ ಮೇಲೆ ಅಡ್ಡ ಹಾದು, ಆ್ಯಪ್ ಅದನ್ನು ಪ್ಲಸ್ ಅಂತ ಓದಿತು. ಮುಂದಿನ ಸುಳಿವು, "ಶೋಧಕ ಎಷ್ಟು ಬರುತ್ತದೆ ನೋಡು." 16 − 384, ಅಂದರೆ −368. ವಾಸ್ತವ ಮೂಲಗಳೇ ಇಲ್ಲ! ಸರಿಯಾಗಿದ್ದ ಸಮೀಕರಣವನ್ನೇ ಅವಳು ಅಳಿಸಿ ಅಳಿಸಿ ಬರೆದಳು.

ಪೂರ್ತಿ ಉತ್ತರದಲ್ಲಿ ಇಂಥ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಪುಸ್ತಕದ ಹಿಂದಿರುವ ಉತ್ತರಕ್ಕೆ ತಾಳೆ ಆಗುವುದಿಲ್ಲ. ಸುಳಿವಿನಲ್ಲಿ ಹಾಗಲ್ಲ, ಕಾಣುವುದು ಒಂದೇ ತುಣುಕು. ಮಗು ತಾನೇ ತಪ್ಪು ಮಾಡಿದೆ ಅಂದುಕೊಳ್ಳುತ್ತದೆ. ಅದಕ್ಕೇ ಈಗ ಫೋಟೋ ತೆಗೆದ ಕೂಡಲೇ ಆ್ಯಪ್ ಓದಿಕೊಂಡ ಸಾಲನ್ನು ಚಿಹ್ನೆ ಸಮೇತ ನೋಡಿ, ತಪ್ಪಿದ್ದರೆ ಕೈಯಿಂದಲೇ ತಿದ್ದುತ್ತೇವೆ. ಹಾಳೆಯ ಕೆಳಗೆ ಕಪ್ಪು ರಟ್ಟು ಇಟ್ಟರೆ ಹಿಂಬದಿಯ ಬರಹ ಅಷ್ಟಾಗಿ ಕಾಣುವುದಿಲ್ಲ.

ಚಿಹ್ನೆ ತಿದ್ದಿದ ಮೇಲೆ ಮೂರನೇ ಸುಳಿವು ಸರಿಯಾಗಿ ಬಂತು: ಗುಣಿಸಿದರೆ −96, ಕೂಡಿದರೆ 4 ಬರುವ ಎರಡು ಸಂಖ್ಯೆ ಯಾವುವು? ಮೊದಲು 16, −6 ಹಿಡಿದಳು, ಕೂಡಿದರೆ 10 ಬಂತು. ಆಮೇಲೆ 12, −8 ಸಿಕ್ಕಿತು. x ಬೆಲೆ −12 ಮತ್ತು 8. "ಅಗಲ ಮೈನಸ್ ಹೇಗಾಗುತ್ತೆ?" ಅಂತ ತಾನೇ −12 ಹೊಡೆದು ಹಾಕಿದಳು. ಅಗಲ 8, ಉದ್ದ 12.

ನೆಟ್‌ವರ್ಕ್ ಕೈಕೊಟ್ಟರೆ ಎರಡೂ ಒಂದೇ.

ದುಡ್ಡಿನ ಮಾತು. ಸುಳಿವಿನದರಲ್ಲಿ ದಿನಕ್ಕೆ ಕೆಲವೇ ಲೆಕ್ಕ ಪುಕ್ಕಟೆ. ಸಂಜೆ ಒಂದೆರಡು ಲೆಕ್ಕಕ್ಕೆ ಮಾತ್ರ ಸಿಕ್ಕಿಕೊಳ್ಳುವ ನಮ್ಮ ಮಗಳಿಗೆ ಅಷ್ಟು ಸಾಕು, ನಾವು ದುಡ್ಡು ಕಟ್ಟಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ರಾಶಿ ಲೆಕ್ಕ ತಾಳೆ ನೋಡಬೇಕು ಅನ್ನುವವರಿಗೆ ಪೂರ್ತಿ ಉತ್ತರದ್ದೇ ಅನುಕೂಲ, ನೋಟ್ಸಿನಲ್ಲಿ ಮೊದಲೇ ಬಿಡಿಸಿಟ್ಟಿದ್ದರೆ.