ದೀಪಾವಳಿಯ ಹಾಲ್‌ಗೆ ಕನ್ನಡಿಯೋ, ಹಿತ್ತಾಳೆಯೋ, ಗಾಜೋ?

ನಮ್ಮ ಹಾಲ್‌ನಲ್ಲಿ ಒಂದು ಕಡೆ ಬಿಳಿ ಗೋಡೆ, ಎದುರಿಗೆ ಕಡು ಕಂದು ಬಣ್ಣದ ಮರದ ಬೀರು. ದೀಪಾವಳಿಗೆ ಐದು ಮಣ್ಣಿನ ಹಣತೆ ಮತ್ತು ಒಂದು ಸೀರಿಯಲ್ ಸೆಟ್ ಇಟ್ಟುಕೊಂಡೆ. ದೀಪಗಳನ್ನು ಜಾಸ್ತಿ ಮಾಡದೆ, ಅವುಗಳ ಹಿಂದೆ, ಕೆಳಗೆ ಇಡುವ ವಸ್ತುವನ್ನು ಮಾತ್ರ ಬದಲಿಸುತ್ತಾ ನೋಡಿದೆ. ಟ್ಯೂಬ್‌ಲೈಟ್ ಆರಿಸಿಯೇ ನೋಡಬೇಕು. ಅದು ಉರಿಯುತ್ತಿದ್ದರೆ ಯಾವುದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮೊದಲು ಕನ್ನಡಿ. ಬಿಳಿ ಗೋಡೆಗೆ ಒರಗಿಸಿ ಮುಂದೆ ಹಣತೆ ಇಟ್ಟರೆ ಕೋಣೆಯ ಬೆಳಕು ಹೆಚ್ಚೇನೂ ಏರಲಿಲ್ಲ. ಕಾರಣ ಸರಳ. ಒಳ್ಳೆಯ ಬಿಳಿ ಬಣ್ಣದ ಗೋಡೆಯೇ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಕೋಣೆಗೆ ವಾಪಸ್ ಚೆಲ್ಲುತ್ತದೆ. ಕನ್ನಡಿ ಕೊಡುವುದು ಅದಕ್ಕಿಂತ ತುಸು ಜಾಸ್ತಿ ಅಷ್ಟೇ. ಆದರೆ ಗೋಡೆ ಬೆಳಕನ್ನು ಹರಡುತ್ತದೆ, ಕನ್ನಡಿ ಇನ್ನೊಂದು ಜ್ವಾಲೆಯನ್ನೇ ತೋರಿಸುತ್ತದೆ. ಅದೇ ಕನ್ನಡಿಯನ್ನು ಬೀರುವಿನ ಕಡೆಗೆ ಒಯ್ದಾಗ ಲಾಭ ಎದ್ದು ಕಂಡಿತು. ಮರ ನುಂಗಿ ಹಾಕುತ್ತಿದ್ದ ಬೆಳಕು ಕೋಣೆಗೆ ಮರಳಿತು. ಹಾಗಾಗಿ ನಿಮ್ಮ ಮನೆಯಲ್ಲಿ ಕನ್ನಡಿಯ ಜಾಗ ಕಪ್ಪಗಿನ ಗೋಡೆ, ಮರ, ಗಾಢ ಬಣ್ಣದ ಪರದೆ ಇರುವ ಕಡೆ.

ಒಂದು ಕನ್ನಡಿಗಿಂತ ಎರಡು ಚಿಕ್ಕ ಕನ್ನಡಿ ಮೇಲು. ಗ್ಲಾಸ್ ಅಂಗಡಿಯಲ್ಲಿ ಒಂದಡಿ ಚೌಕದ ಎರಡು ತುಂಡು ಕತ್ತರಿಸಿ, ಅಂಚು ಉಜ್ಜಿಸಿ ತನ್ನಿ. ಹಿಂಬದಿಗೆ ಟೇಪ್ ಅಂಟಿಸಿ ಪುಸ್ತಕದ ಹಾಗೆ ತೆರೆದು ನಿಲ್ಲಿಸಿ. ಗೋಡೆಯ ಮೂಲೆಯ ಹಾಗೆ 90 ಡಿಗ್ರಿಗೆ ತೆರೆದರೆ ಒಂದು ಹಣತೆಗೆ ಮೂರು ಬಿಂಬ, ಅಂದರೆ ಐದು ಹಣತೆ ಇಪ್ಪತ್ತಾಗಿ ಕಾಣುತ್ತವೆ. 60 ಡಿಗ್ರಿಗೆ ಮಡಚಿದರೆ ಐದು ಬಿಂಬ, ಒಟ್ಟು ಮೂವತ್ತು. ಆದರೆ ಮಡಚಿದಷ್ಟೂ ಒಳಗೆ ಜಾಗ ಕಿರಿದು, ಜ್ವಾಲೆ ಗಾಜಿಗೆ ಹತ್ತಿರ. ಮಸಿ ಹಿಡಿಯುತ್ತದೆ, ಕಾದ ಗಾಜು ಬಿರುಕು ಬಿಡುವ ಭಯವೂ ಇದೆ. ಐದೂ ಹಣತೆ ಇಡುವುದಿದ್ದರೆ ನಾನು 90ಕ್ಕೇ ನಿಲ್ಲಿಸುತ್ತೇನೆ. ಹಣತೆ ಕನ್ನಡಿಯಿಂದ ಒಂದು ಗೇಣು ದೂರ ಇರಲಿ. ಅದಕ್ಕಿಂತ ತುಂಬಾ ದೂರ ಸರಿದರೆ ನಿಂತವರಿಗೆ ಬಿಂಬ ಕನ್ನಡಿಯ ಮೇಲಂಚು ದಾಟಿ ಮರೆಯಾಗುತ್ತದೆ. ಇನ್ನೊಂದು ಮಾತು: ಕನ್ನಡಿ ಎದುರಿಗೆ ಏನಿದೆಯೋ ಅದೆಲ್ಲ ಎರಡಾಗುತ್ತದೆ. ಸೀರಿಯಲ್ ಸೆಟ್‌ನ ಹಸಿರು ವೈರು, ಪ್ಲಗ್ಗು, ಸೋಫಾದ ಮೇಲಿನ ಬಟ್ಟೆ, ಎಲ್ಲ.

ಹಿತ್ತಾಳೆಯ ಹರಿವಾಣದ ಕೆಲಸವೇ ಬೇರೆ. ಅದು ಜ್ವಾಲೆಗಳ ಲೆಕ್ಕ ಹೆಚ್ಚಿಸುವುದಿಲ್ಲ, ಬಣ್ಣ ಬದಲಿಸುತ್ತದೆ. ಹಿತ್ತಾಳೆ ನೀಲಿ ಬೆಳಕನ್ನು ಹೀರಿಕೊಂಡು ಹಳದಿ, ಕೆಂಪನ್ನು ಜಾಸ್ತಿ ವಾಪಸ್ ಕಳಿಸುತ್ತದೆ. ನಮ್ಮ ಸೀರಿಯಲ್ ಸೆಟ್ ಬಿಳಿ ಎಲ್‌ಇಡಿ, ಸುಮ್ನೆ ನೋಡಿದರೆ ಆಸ್ಪತ್ರೆಯ ಬೆಳಕು. ಅದನ್ನೇ ಹರಿವಾಣದೊಳಗೆ ಸುರುಳಿ ಸುತ್ತಿಟ್ಟಾಗ ಗೋಡೆಗೆ ಬಿದ್ದದ್ದು ಬೆಚ್ಚಗಿನ ಬೆಳಕು. ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದ ತಕ್ಷಣ ಒಣಬಟ್ಟೆಯಲ್ಲಿ ಒರೆಸಬೇಕು. ನೀರು ಹಾಗೇ ಆರಿದರೆ ಸಂಜೆಗೆ ಕಲೆ ಏಳುತ್ತದೆ, ಹೊಳಪು ಹೋಗುತ್ತದೆ. ಅಂಗಡಿಯ ಷೋಪೀಸ್ ಹಿತ್ತಾಳೆಗೆ ವಾರ್ನಿಷ್ ಹಾಕಿರುವುದುಂಟು. ತಳಭಾಗದಲ್ಲಿ ಸ್ವಲ್ಪ ಹುಣಸೆಹಣ್ಣು ಉಜ್ಜಿ ನೋಡಿ. ಮಂಕಾದ ಜಾಗವೂ ಬೆಳ್ಳಗಾಗದಿದ್ದರೆ ಮೇಲೆ ಪದರ ಇದೆ ಎಂದು ಅನುಮಾನಿಸಬೇಕು. ಜೋರಾಗಿ ತಿಕ್ಕಿದರೆ ಅದು ಅಲ್ಲಲ್ಲಿ ಕಿತ್ತು ಬರುತ್ತದೆ.

ಸ್ಟೀಲ್ ತಟ್ಟೆ ನನಗೆ ಹಿಡಿಸಲಿಲ್ಲ. ತೊಳೆದು ತೊಳೆದು ಬಿದ್ದ ದುಂಡು ಗೀರುಗಳಿಂದಾಗಿ ಜ್ವಾಲೆಯ ಬಿಂಬ ಉದ್ದ ಗೆರೆಯಾಗಿ ಎಳೆದುಕೊಳ್ಳುತ್ತದೆ. ಬಣ್ಣವೂ ಬೂದು.

ಗಾಜಿನ ಲೋಟಗಳಿಂದ ಬಹಳ ನಿರೀಕ್ಷೆ ಬೇಡ. ನೇರವಾಗಿ ಬಿದ್ದ ಬೆಳಕಿನಲ್ಲಿ ಗಾಜಿನ ಒಂದೊಂದು ಮುಖವೂ ಹಿಂದಿರುಗಿಸುವುದು ನೂರಕ್ಕೆ ನಾಲ್ಕರಷ್ಟು ಮಾತ್ರ. ಲೋಟಕ್ಕೆ ನೀರು ತುಂಬಿ ಹಿಂದೆ ಹಣತೆ ಇಟ್ಟರೆ ಮೇಜಿನ ಮೇಲೆ ಬೆಳಕಿನ ಗೆರೆಗಳು ಬೀಳುತ್ತವೆ, ಚೆಂದವೇ. ಆದರೆ ಕೋಣೆಗೆ ಅದರಿಂದ ಏನೂ ಸಿಗದು.

ಗಾಜಿನಲ್ಲಿ ಗೆದ್ದದ್ದು ಕಿಟಕಿ. ವಾಪಸ್ ಬರುವ ಬೆಳಕು ಅಲ್ಲೂ ಕಡಿಮೆಯೇ, ಆದರೆ ಹೊರಗೆ ಕತ್ತಲಿದ್ದರೆ ಅಷ್ಟೇ ಸಾಕು. ಪರದೆ ಸರಿಸಿ, ಬಾಗಿಲು ಮುಚ್ಚಿ, ಸೀರಿಯಲ್ ಸೆಟ್ ಅನ್ನು ಕಿಟಕಿಯ ಎದುರುಗೋಡೆಗೆ ಕಟ್ಟಿದರೆ ಅದೇ ಸರ ಅಂಗಳದಲ್ಲೂ ತೂಗಿದಂತೆ ಕಾಣುತ್ತದೆ. ಒಂದು ಪೈಸೆ ಖರ್ಚಿಲ್ಲ. ಆಚೆ ಬೀದಿದೀಪ ಇದ್ದರೆ ಮಾತ್ರ ಇದು ಕೆಲಸ ಮಾಡುವುದಿಲ್ಲ. ನಮ್ಮ ಬೀದಿಯ ಕಡೆಯ ಕಿಟಕಿಯಲ್ಲಿ ಏನೂ ಕಾಣಲಿಲ್ಲ, ಹಿತ್ತಿಲ ಕಡೆಯದರಲ್ಲಿ ಸೊಗಸಾಗಿ ಕಂಡಿತು.

ಈ ಸಲ ಬೀರುವಿನ ಮುಂದೆ ಜೋಡಿ ಕನ್ನಡಿ ಮತ್ತು ಹಣತೆ, ಬಿಳಿ ಗೋಡೆಯ ಕಡೆ ಹರಿವಾಣದಲ್ಲಿ ಎಲ್‌ಇಡಿ ಸುರುಳಿ ಇಡುತ್ತೇನೆ. ಹರಿವಾಣ ಲೋಹದ್ದು, ಆದ್ದರಿಂದ ಸಿಪ್ಪೆ ಸುಲಿದ ವೈರು ಒಂದೂ ಇಲ್ಲ ಎಂದು ನೋಡಿಯೇ ಸ್ವಿಚ್ ಹಾಕುವುದು.