ದೂರದ ವರ್ಗಾವಣೆ: ಹೋಗುವುದೋ, ಪ್ರಶ್ನಿಸುವುದೋ?

ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಇಬ್ಬರು ಫಿಟ್ಟರ್‌ಗಳು ಎಂದುಕೊಳ್ಳಿ. ಇಬ್ಬರ ನೇಮಕಾತಿ ಪತ್ರದಲ್ಲೂ ‘ಯಾವುದೇ ಘಟಕಕ್ಕೆ ವರ್ಗಾಯಿಸಬಹುದು’ ಎಂಬ ಸಾಲಿದೆ. ಇಬ್ಬರಿಗೂ ಬೀದರ್ ಘಟಕಕ್ಕೆ ಆದೇಶ ಬಂದಿದೆ.

ಮೊದಲನೆಯವನ ಜೊತೆ ಇನ್ನೂ ಮೂವರು ಹೊರಟಿದ್ದಾರೆ. ಅಲ್ಲಿ ಹೊಸ ಬಾಯ್ಲರ್ ಬಂದಿದೆ. ಸಂಬಳ, ಹುದ್ದೆ, ಸೇವಾ ಹಿರಿತನ ಕುಗ್ಗಿಲ್ಲ. ದೂರವೆಂಬ ಒಂದೇ ಕಾರಣಕ್ಕೆ ಇದನ್ನು ತಡೆಯುವುದು ಕಷ್ಟ.

ಎರಡನೆಯವನು ಓವರ್‌ಟೈಮ್ ಬಾಕಿ ಕೇಳಿ ಸೋಮವಾರ ಅರ್ಜಿ ಕೊಟ್ಟ. ಗುರುವಾರ ಆದೇಶ ಕೈಗೆ ಬಂತು. ಬೀದರ್‌ನಲ್ಲಿ ಫಿಟ್ಟರ್ ಹುದ್ದೆ ಖಾಲಿಯೇ ಇಲ್ಲ. ‘ಆಡಳಿತಾತ್ಮಕ ಕಾರಣ’ ಎಂದಷ್ಟೇ ಬರೆದಿದ್ದಾರೆ. ನನ್ನ ಪ್ರಕಾರ ಇದು ಶಿಕ್ಷೆಯೇ. ಆಡಳಿತ ನೀತಿಯ ಸೋಗಿನಲ್ಲಿ ದುರುದ್ದೇಶದಿಂದ ಕಾರ್ಮಿಕನನ್ನು ವರ್ಗಾಯಿಸುವುದನ್ನು ಹಿಂದಿನ 1947ರ ಕೈಗಾರಿಕಾ ವಿವಾದ ಕಾಯ್ದೆಯೂ ಈಗಿನ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅನುಚಿತ ಪದ್ಧತಿಗಳ ಪಟ್ಟಿಗೆ ಸೇರಿಸಿವೆ. ಶಿಕ್ಷೆಯ ಬದಲು ಹೊರಡಿಸಿದ ವರ್ಗಾವಣೆ ಊರ್ಜಿತವಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಅದು ಸರ್ಕಾರಿ ನೌಕರರೊಬ್ಬರ ಪ್ರಕರಣ.

ಆದರೂ ಅವನು ಮನೆಯಲ್ಲಿ ಕೂರಬಾರದು. ಗೈರುಹಾಜರಿಯೇ ದುರ್ನಡತೆಯಾಗಿ, ಆದೇಶದ ತಪ್ಪು ಬದಿಗೆ ಸರಿಯುತ್ತದೆ. ಲಿಖಿತ ಆಕ್ಷೇಪ ಸಲ್ಲಿಸಿ, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಪಡೆದು, ‘ಹಕ್ಕು ಕಾಯ್ದುಕೊಂಡು ಹಾಜರಾಗುತ್ತಿದ್ದೇನೆ’ ಎಂದು ಬರೆದು ಹೋಗಲಿ. ಓವರ್‌ಟೈಮ್ ಅರ್ಜಿ ಮತ್ತು ಆದೇಶ, ಎರಡರ ತಾರೀಖನ್ನೂ ಕಾರ್ಮಿಕ ಇಲಾಖೆಯ ರಾಜಿ ಅಧಿಕಾರಿಯ ಮುಂದಿಡಲಿ.